ಕರಡು ಕಥೆ: "ಏಳನೇ ಸ್ಲೈಡ್" – ಚಾರ್ಟಿನ ವಿಚಾರ ಸರಿ ಇದೆಯಾ ನೋಡಿ

ಬೆಣ್ಣೆತೊರೆ

ಕಥೆ ಇನ್ನೂ ಕರಡು. ಭಾಷೆಯ ಬಗ್ಗೆ ಬೈದರೂ ಸರಿ, ಆದರೆ ನನಗೆ ಮುಖ್ಯವಾಗಿ ಬೇಕಿರೋದು ಚಾರ್ಟ್, ಎಕ್ಸೆಲ್ ಗೊತ್ತಿರುವವರ ಕಣ್ಣು. ಜಿಲ್ಲೆಗಳ ಸಾಕ್ಷರತೆಯ ಅಂಕಿ 2011ರ ಜನಗಣತಿಯವು. ಕಾಲೇಜು, ಹುಡುಗರು ಕಲ್ಪನೆ.

---

ಮೊದಲನೇ ತಂಡ ಊರಿನ ನೀರಿನ ದರದ ಬಗ್ಗೆ ಮಾತಾಡುತ್ತಿತ್ತು. ಅವರು ಇಳಿದರೆ ಕಾವ್ಯಾಳ ತಂಡ. ಹೆಚ್ಚೆಂದರೆ ಹನ್ನೆರಡು ನಿಮಿಷ.

ಹಿಂದಿನ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ಒಂದೊಂದೇ ಸ್ಲೈಡ್ ಸರಿಸುತ್ತಿದ್ದವಳು ಏಳನೆಯದರಲ್ಲಿ ನಿಂತಳು. ನಾಲ್ಕು ಕಂಬ. ದಕ್ಷಿಣ ಕನ್ನಡ, ಬೆಂಗಳೂರು ಎರಡೂ ಪರದೆಯ ಮೇಲ್ತುದಿ ಮುಟ್ಟುವಂತಿದ್ದವು. ರಾಯಚೂರು ಮೊಣಕಾಲೆತ್ತರ. ಯಾದಗಿರಿ ನೆಲಕ್ಕಂಟಿದ ಒಂದು ಗೆರೆ. ಆ ಗೆರೆಯ ತಲೆಯ ಮೇಲೆ 51.83 ಎಂದಿತ್ತು.

ಅರ್ಧಕ್ಕಿಂತ ಹೆಚ್ಚು ಜನ ಓದಬಲ್ಲ ಜಿಲ್ಲೆ. ಗೆರೆ ಯಾಕೆ?

ಬಸ್ ಪಾಸಿನ ಅಂಚನ್ನು ಪರದೆಗೆ ಹಿಡಿದು ನೋಡಿದಳು. ದಕ್ಷಿಣ ಕನ್ನಡದ ಕಂಬ ಎಂಟು ಸೆಂಟಿಮೀಟರಿಗೆ ಚೂರು ಕಡಿಮೆ, ಯಾದಗಿರಿಯದು ನಾಲ್ಕು ಮಿಲಿಮೀಟರೂ ಇಲ್ಲ. ಎಂಟನೇ ಸ್ಲೈಡಿಗೆ ಹೋದಳು. ಅದು ಹೆಣ್ಣುಮಕ್ಕಳ ಸಾಕ್ಷರತೆ. ಅಲ್ಲಿ ರಾಯಚೂರು, ಯಾದಗಿರಿ ಎಂಬ ಹೆಸರು ಕೆಳಗೆ ಇದ್ದವು, ಮೇಲೆ ಕಂಬವೇ ಇರಲಿಲ್ಲ. ಸುರಪುರದ ಮನೆಯಲ್ಲಿ ಅವ್ವ ಬಸ್ಸಿನ ಬೋರ್ಡು ಓದುತ್ತಾಳೆ, ಪಡಿತರ ಚೀಟಿ ಓದುತ್ತಾಳೆ. ಈ ಚಿತ್ರದಲ್ಲಿ ಅವಳು ಇಲ್ಲ.

"ಮಂಜ್ಯಾ, ಎಡಕ್ಕ ನೋಡು. ಐವತ್ತರಿಂದ ಶುರು ಆಗ್ಯಾದ."

"ಎಕ್ಸೆಲ್ಲೇ ಹಂಗ ಮಾಡ್ಯಾದ. ನಾ ಏನೂ ಮುಟ್ಟಿಲ್ಲ."

ಅವಳು ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ 50 ಅಳಿಸಿ 0 ಬರೆದಳು. ಯಾದಗಿರಿ ಎದ್ದು ನಿಂತಿತು. ಎಂಟನೆಯದಕ್ಕೂ ಹಾಗೇ. ಮುಂದೆ ಚಪ್ಪಾಳೆ ಬಿತ್ತು, ಹೆಸರು ಕರೆದರು.

ಎಲ್ಲ ಸರಿಯಾಗೇ ನಡೆಯಿತು. ಕೊನೆಗೆ ಗೈಡ್ ಸರ್ ಮುಂದಿದ್ದ ಸ್ಪೈರಲ್ ಬೈಂಡಿನ ವರದಿಯ ಪುಟ ತಿರುವಿ ಕೇಳಿದರು: "ನಿನ್ನಿ ಕೊಟ್ಟ ವರದಿಯಾಗ ಬ್ಯಾರೆ ಚಿತ್ರ ಅದಲ್ಲಮ್ಮ?"

---

ಕೋಶಕಂಬ

ಅಂಕಿ ಸರಿ ಇವೆ. ಆದರೆ ಮಂಜ ಸುಳ್ಳು ಹೇಳುತ್ತಿದ್ದಾನೆ, ಅದು ನಿಮಗೇ ಗೊತ್ತಿಲ್ಲ ಅನಿಸುತ್ತದೆ.

ಕಂಬದ ಚಾರ್ಟಿಗೆ ಅಕ್ಷ ಎಲ್ಲಿಂದ ಶುರುವಾಗಬೇಕು ಅಂತ ಎಕ್ಸೆಲ್ ತಾನೇ ತೀರ್ಮಾನಿಸುವಾಗ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಅತಿ ದೊಡ್ಡ ಅಂಕಿಯಿಂದ ಅತಿ ಚಿಕ್ಕದನ್ನು ಕಳೆಯಿರಿ. ಆ ಅಂತರ ದೊಡ್ಡ ಅಂಕಿಯ ಶೇ. 16.67ಕ್ಕಿಂತ, ಅಂದರೆ ಆರನೇ ಒಂದಕ್ಕಿಂತ, ಹೆಚ್ಚಿದ್ದರೆ ಅಕ್ಷ ಸೊನ್ನೆಯಿಂದಲೇ ಶುರು. ಕಡಿಮೆ ಇದ್ದರೆ ಮಾತ್ರ ಅದು ಬುಡ ಕತ್ತರಿಸುತ್ತದೆ.

ನಿಮ್ಮ ಕಥೆಯಲ್ಲಿ ದಕ್ಷಿಣ ಕನ್ನಡದ 88.57ರಿಂದ ಯಾದಗಿರಿಯ 51.83 ಕಳೆದರೆ 36.74. ಅದು 88.57ರ ಶೇ. 41ಕ್ಕೂ ಹೆಚ್ಚು. ಎಕ್ಸೆಲ್ ಇದನ್ನು ಸೊನ್ನೆಯಿಂದಲೇ ಬರೆಯುತ್ತದೆ, 50ರಿಂದಲ್ಲ. ಹೆಣ್ಣುಮಕ್ಕಳ ಚಾರ್ಟಿನಲ್ಲಿ 84.13ರಿಂದ 41.38ರವರೆಗೆ ಅಂತರ ಇನ್ನೂ ದೊಡ್ಡದು. ಯಾರೋ ಕೈಯಿಂದ 50 ಅಂತ ಬರೆದಿದ್ದಾರೆ.

ಎಕ್ಸೆಲ್ ತಾನಾಗಿ ಕತ್ತರಿಸಬೇಕಾದರೆ ಬೇರೆ ಜಿಲ್ಲೆ ಹಾಕಿ. ದಕ್ಷಿಣ ಕನ್ನಡ 88.57, ಬೆಂಗಳೂರು 87.67, ಉಡುಪಿ 86.24. ಅಂತರ ಬರೀ 2.33. ಇದಕ್ಕೆ ಅಕ್ಷ 85ರ ಆಸುಪಾಸಿನಲ್ಲಿ ಶುರುವಾಗುತ್ತದೆ, ದಕ್ಷಿಣ ಕನ್ನಡದ ಕಂಬ ಉಡುಪಿಯದಕ್ಕಿಂತ ಸುಮಾರು ಮೂರು ಪಟ್ಟು ಕಾಣುತ್ತದೆ. ಯಾರೂ ಏನೂ ಮುಟ್ಟಿರುವುದಿಲ್ಲ.

---

ಬೆಣ್ಣೆತೊರೆ

ಇದು ಕಥೆಯ ದಿಕ್ಕನ್ನೇ ಬದಲಿಸುತ್ತದೆ. ನನಗೆ ಯಾದಗಿರಿ ಬೇಕೇ ಬೇಕು, ಹಾಗಾಗಿ ಮೂರು ಕರಾವಳಿ-ಬೆಂಗಳೂರು ಜಿಲ್ಲೆಗಳಿಗೆ ಹೋಗಲಾರೆ. ಹಾಗಾದರೆ ಮಂಜನೇ 50 ಹಾಕಿದ್ದು ಅಂತ ಕಾವ್ಯಾಗೆ ಅಲ್ಲೇ, ಆ ಹನ್ನೆರಡು ನಿಮಿಷದಲ್ಲೇ ಗೊತ್ತಾಗುವ ದಾರಿ ಇದೆಯಾ?

---

ಕೋಶಕಂಬ

ಇದೆ. ಲಂಬ ಅಕ್ಷದ ಮೇಲೆ ಬಲ ಕ್ಲಿಕ್, `Format Axis`. ಬಲಗಡೆ ತೆರೆಯುವ ಪಟ್ಟಿಯಲ್ಲಿ `Bounds` ಕೆಳಗೆ `Minimum`. ಅದರ ಪಕ್ಕ `Auto` ಅಂತ ಇದ್ದರೆ ಸಾಫ್ಟ್‌ವೇರ್ ಆರಿಸಿದ್ದು. `Reset` ಅನ್ನೋ ಗುಂಡಿ ಇದ್ದರೆ ಕೈಯಿಂದ ಹಾಕಿದ್ದು. ಎಕ್ಸೆಲ್ 2013ರಿಂದ ಈಚೆ ಹೀಗಿದೆ. ಒಂದು ಪದ ನೋಡಿದರೆ ಸಾಕು, ಮಂಜನ ಮಾತು ಬಿದ್ದುಹೋಗುತ್ತದೆ.

ಎಂಟನೇ ಸ್ಲೈಡಿನ ಕಂಬ ಮಾಯವಾದದ್ದಕ್ಕೂ ಕಾರಣ ಸಿಗುತ್ತದೆ. ಹುಡುಗರು ಎರಡನೇ ಚಾರ್ಟನ್ನು ಹೊಸದಾಗಿ ಮಾಡುವುದಿಲ್ಲ, ಮೊದಲನೆಯದನ್ನು ಕಾಪಿ ಮಾಡಿ ಅಂಕಿ ಬದಲಿಸುತ್ತಾರೆ. ಕೈಯಿಂದ ಹಾಕಿದ 50 ಕಾಪಿಯ ಜೊತೆಗೇ ಬರುತ್ತದೆ, ಹೊಸ ಅಂಕಿ ನೋಡಿ ಬದಲಾಗುವುದಿಲ್ಲ. ರಾಯಚೂರಿನ ಹೆಣ್ಣುಮಕ್ಕಳದು 48.73, ಯಾದಗಿರಿಯದು 41.38. ಎರಡೂ 50ರ ಕೆಳಗೆ, ಬರೆಯಲು ಕಂಬವೇ ಉಳಿಯಲಿಲ್ಲ. ಮಂಜ ಮೋಸ ಮಾಡಿದ ಅಂತ ತೋರಿಸುವ ಅಗತ್ಯವೂ ಇಲ್ಲ. "ವ್ಯತ್ಯಾಸ ಎದ್ದು ಕಾಣಲಿ" ಅಂತ ಮೊದಲನೆಯದರಲ್ಲಿ ಮಾಡಿದ್ದು ಎರಡನೆಯದಕ್ಕೆ ಹರಿದು ಬಂತು, ಅಷ್ಟೆ.

---

ಸೊನ್ನೆಯಿಂದಲೇ

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಯಮ ಒಂದೇ: ಯಾವ ಗ್ರಾಫ್ ಆದರೂ ಸೊನ್ನೆಯಿಂದ ಶುರುವಾಗಬೇಕು. ಕಂಬವೋ ಗೆರೆಯೋ ಚುಕ್ಕಿಯೋ, ಸೊನ್ನೆ ಇಲ್ಲದಿದ್ದರೆ ಅಂಕ ಕತ್ತರಿಸಬೇಕು. ಗೈಡ್ ಸರ್ ಬಾಯಲ್ಲಿ ಇದನ್ನೇ ಹೇಳಿಸಿ.

---

ಗಣತಿಗಾರ

ಕಂಬಕ್ಕೆ ಸರಿ, ಉಳಿದದ್ದಕ್ಕೆ ಅಲ್ಲ. ಕಂಬದಲ್ಲಿ ಓದುಗ ನೋಡುವುದು ಉದ್ದವನ್ನು. ಉದ್ದ ಎರಡು ಪಟ್ಟಿದ್ದರೆ ವಿಷಯವೂ ಎರಡು ಪಟ್ಟು ಅಂತ ಕಣ್ಣು ತೀರ್ಮಾನಿಸಿಬಿಡುತ್ತದೆ, ಎಡಗಡೆಯ ಅಂಕಿ ಓದುವ ಮೊದಲೇ. ಬುಡ ಕತ್ತರಿಸಿದರೆ ಆ ಹೋಲಿಕೆ ಕೆಡುತ್ತದೆ. ಗೆರೆ, ಚುಕ್ಕಿಗಳಲ್ಲಿ ನೋಡುವುದು ಎಲ್ಲಿದೆ, ಎತ್ತ ಹೋಗುತ್ತಿದೆ ಅನ್ನುವುದನ್ನು. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 37ಕ್ಕೂ 40ಕ್ಕೂ ವ್ಯತ್ಯಾಸವೇ ಕಾಣದು, ರೋಗಿ ಕೈತಪ್ಪಿ ಹೋಗುತ್ತಾನೆ.

ಈ ಕಥೆಯ ಅಂಕಿಯಲ್ಲೇ ಲೆಕ್ಕ ಹಾಕಿ. 88.57 ÷ 51.83 ಅಂದರೆ ಸುಮಾರು 1.7 ಪಟ್ಟು. 50ರಿಂದ ಕತ್ತರಿಸಿದಾಗ ಕಾಣುವ ಕಂಬಗಳು 38.57 ಮತ್ತು 1.83. ಅದು 21 ಪಟ್ಟು. ಕಾವ್ಯಾ ಬಸ್ ಪಾಸಿನಲ್ಲಿ ಅಳೆದದ್ದು ಇದನ್ನೇ, ಆ ಭಾಗ ಚೆನ್ನಾಗಿ ಬಂದಿದೆ. 50ರಿಂದ 90ರವರೆಗಿನ ಅಕ್ಷ ಎಂಟು ಸೆಂಟಿಮೀಟರ್ ಇದ್ದರೆ ಯಾದಗಿರಿ 3.7 ಮಿಲಿಮೀಟರೇ ಬರುತ್ತದೆ.

ಆದರೆ ಒಂದು ವಾಕ್ಯ ಬದಲಿಸಿ. "ಅರ್ಧಕ್ಕಿಂತ ಹೆಚ್ಚು ಜನ ಓದಬಲ್ಲ ಜಿಲ್ಲೆ" ಅಂತ ಬರೆದಿದ್ದೀರಿ. ಜನಗಣತಿಯ ಸಾಕ್ಷರತೆ 7 ವರ್ಷ ಮತ್ತು ಮೇಲ್ಪಟ್ಟವರದು ಮಾತ್ರ. 51.83 ಇಡೀ ಜಿಲ್ಲೆಯ ಜನಸಂಖ್ಯೆಯ ಪಾಲಲ್ಲ. ಪುಟ್ಟ ಮಕ್ಕಳನ್ನೂ ಕೂಡಿಸಿಕೊಂಡರೆ ಅದು ಅರ್ಧದ ಕೆಳಗೇ ಹೋಗುತ್ತದೆ. ಚಾರ್ಟಿನ ತಪ್ಪು ಹಿಡಿಯುವ ಹುಡುಗಿ ಈ ತಪ್ಪು ಮಾಡಬಾರದು.

---

ಸೊನ್ನೆಯಿಂದಲೇ

ಜ್ವರದ ಉದಾಹರಣೆ ಒಪ್ಪಿದೆ. ಆದರೂ ಬಿ.ಎ. ಮಕ್ಕಳಿಗೆ ಎರಡು ನಿಯಮ ಹೇಳುವುದಕ್ಕಿಂತ ಒಂದು ಹೇಳುವುದು ವಾಸಿ.

---

ಹೇಮಾವತಿ ತೀರ

ಈ ಕಂಬದ ಸಮಸ್ಯೆ ನಮ್ಮ ಸಹಕಾರ ಸಂಘದ ವಾರ್ಷಿಕ ವರದಿಯಲ್ಲೂ ಇದೆ. ಠೇವಣಿಯ ಕಂಬ 40ರ ಗೆರೆಗಿಂತ ಕೆಳಗೆ ಕಾಣುತ್ತದೆ, ಅಂಕಿ ಮಾತ್ರ 40 ಲಕ್ಷ. ಅಕ್ಷ ಸೊನ್ನೆಯಿಂದಲೇ ಇದೆ, ನೋಡಿದ್ದೇನೆ. ನಮ್ಮದೂ ದಿಕ್ಕು ತಪ್ಪಿಸುವ ಚಾರ್ಟೇ? ಕಾವ್ಯಾ ಇದನ್ನು ಹೇಗೆ ಸರಿಮಾಡುತ್ತಿದ್ದಳು?

---

ಕೋಶಕಂಬ

ನಿಮ್ಮದು `3-D Column` ಇರಬೇಕು. ಅದರಲ್ಲಿ ಕಂಬ ಮುಂದೆ, ಗೆರೆಗಳು ಹಿಂದಿನ ಗೋಡೆಯ ಮೇಲೆ. ಓರೆಯಾಗಿ ನೋಡಿದಾಗ ಕಂಬದ ತುದಿ ಗೆರೆಗಿಂತ ಕೆಳಗೆ ಬಿದ್ದಂತೆ ಕಾಣುತ್ತದೆ. ಇದು ಬೇರೆಯೇ ಕಾಯಿಲೆ. `Change Chart Type` ಒತ್ತಿ ಸಾದಾ `Clustered Column` ಮಾಡಿ, 40ರ ಗೆರೆಗೆ ತಾನೇ ಕೂರುತ್ತದೆ.

---

ಸ್ಲೈಡ್ ಸಾಹುಕಾರ

ಕಥೆಗೆ ಬರೋಣ. ನನ್ನ ಆಕ್ಷೇಪ ಬೇರೆ: ಎಲ್ಲ ತುಂಬ ಸುಲಭವಾಗಿ ಮುಗಿದುಹೋಯಿತು. ಬಲ ಕ್ಲಿಕ್, 50 ಅಳಿಸು, 0 ಬರಿ, ಹತ್ತು ಸೆಕೆಂಡಿನ ಕೆಲಸ. ಹಾಗಾದರೆ ಹನ್ನೆರಡು ನಿಮಿಷ ಯಾಕೆ ಬೇಕು?

ವಾಸ್ತವದಲ್ಲಿ ಮಂಜ ತನ್ನ ಲ್ಯಾಪ್‌ಟಾಪಿನಲ್ಲಿ ಚಾರ್ಟ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ವಾಟ್ಸಾಪಿನಲ್ಲಿ ಕಳಿಸಿರುತ್ತಾನೆ. ಕಾವ್ಯಾಳ ಸ್ಲೈಡಿನಲ್ಲಿರುವುದು ಚಾರ್ಟಲ್ಲ, ಚಿತ್ರ. ಅದರ ಮೇಲೆ ಕ್ಲಿಕ್ ಮಾಡಿದರೆ ಮೇಲೆ `Picture Format` ಬರುತ್ತದೆ. ನಿಜವಾದ ಚಾರ್ಟ್ ಆಗಿದ್ದರೆ `Chart Design` ಬರಬೇಕಿತ್ತು. ಚಿತ್ರದಲ್ಲಿ ಅಕ್ಷ ಬದಲಿಸಲು ಆಗುವುದೇ ಇಲ್ಲ. ಇಲ್ಲಿ ಅವಳ ಎದೆ ಧಸಕ್ ಅನ್ನಬೇಕು.

ದಾರಿ ಇದೆ. ಪವರ್‌ಪಾಯಿಂಟಿನಲ್ಲೇ `Insert`, `Chart`, `Clustered Column`. ಒಂದು ಪುಟ್ಟ ಹಾಳೆ ತೆರೆಯುತ್ತದೆ, ಅದರಲ್ಲಿ `Category 1`ರಿಂದ `Category 4`, ಮೂರು `Series` ಮೊದಲೇ ತುಂಬಿರುತ್ತವೆ. ನಿಮ್ಮ ಅದೃಷ್ಟಕ್ಕೆ ಜಿಲ್ಲೆಗಳೂ ನಾಲ್ಕೇ. ಹೆಸರಿನ ಮೇಲೆ ಹೆಸರು ಬರೆಯುವುದು, ಮೊದಲ `Series`ನಲ್ಲಿ ಒಟ್ಟು, ಎರಡನೆಯದರಲ್ಲಿ ಹೆಣ್ಣುಮಕ್ಕಳು, ಮೂರನೆಯದು ಬೇಡ ಅಂತ ನೀಲಿ ಗೆರೆಯ ಮೂಲೆ ಹಿಡಿದು ಒಳಗೆ ಎಳೆಯುವುದು. ಎಂಟು ಅಂಕಿ, ನಾಲ್ಕು ಹೆಸರು. ಎರಡು ಸ್ಲೈಡಿನ ವಿಷಯ ಒಂದೇ ಚಾರ್ಟಿಗೆ ಬರುತ್ತದೆ, ಅಕ್ಷ ತಾನಾಗಿ ಸೊನ್ನೆಯಿಂದ. ಕೈ ನಡುಗುತ್ತಿದ್ದರೂ ಐದು ನಿಮಿಷ ಸಾಕು.

ಅಪಾಯ ಅಂದರೆ ಅಂಕಿ ತಪ್ಪು ಒತ್ತುವುದು. 48.73 ಬದಲು 84.73 ಆದರೆ ರಾಯಚೂರಿನ ಹೆಣ್ಣುಮಕ್ಕಳು ದಕ್ಷಿಣ ಕನ್ನಡದವರನ್ನು ದಾಟಿಬಿಡುತ್ತಾರೆ. ಮಂಜ ಓದಿ ಹೇಳಲಿ, ಅವಳು ಒತ್ತಲಿ. ಅವರಿಬ್ಬರ ನಡುವೆ ಸಂಭಾಷಣೆಗೂ ಒಂದು ಜಾಗ ಆಯಿತು. ಅದಕ್ಕೂ ಸಮಯ ಇಲ್ಲದಿದ್ದರೆ ಚಿತ್ರ ಕಿತ್ತುಹಾಕಿ ಅಂಕಿಯ ಪಟ್ಟಿಯನ್ನೇ ಇಡಬಹುದು, ನಾಲ್ಕು ಜಿಲ್ಲೆಗೆ ಅದೇನೂ ಕಡಿಮೆಯಲ್ಲ.

---

ಆರ್ ಪ್ರಿಯ

ಎಕ್ಸೆಲ್ ಬಳಸಿದ್ದಕ್ಕೇ ಇಷ್ಟು ರಗಳೆ. ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬರೆಯುವ ggplot2 ಬಳಸಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ. `ylim(50, 90)` ಅಂತ ಕೊಟ್ಟರೆ ಅದು ಎಲ್ಲ ಕಂಬಗಳನ್ನೂ ಕಿತ್ತುಹಾಕಿ ಎಚ್ಚರಿಕೆ ಕೊಡುತ್ತದೆ, ಖಾಲಿ ಚೌಕಟ್ಟು ಉಳಿಯುತ್ತದೆ.

---

ಗಣತಿಗಾರ

ನಿಜ, ಕಂಬದ ಬುಡ ಸೊನ್ನೆಯಲ್ಲಿದೆ, ಸೊನ್ನೆ ಮಿತಿಯ ಹೊರಗಿದೆ, ಅದಕ್ಕೆ ಕಂಬವನ್ನೇ ಬಿಡುತ್ತದೆ. ಆದರೆ ಖಾಲಿ ಚೌಕಟ್ಟು ನೋಡಿದ ಹುಡುಗ ಹುಡುಕಾಡಿ ಎರಡನೇ ದಾರಿ ಹಿಡಿಯುತ್ತಾನೆ:

```r
ggplot(d, aes(jille, shekada)) +
  geom_col() +
  coord_cartesian(ylim = c(50, 90))
```

ಇದು ಎಚ್ಚರಿಕೆಯಿಲ್ಲದೆ ಬುಡ ಕತ್ತರಿಸಿ ಕೊಡುತ್ತದೆ, ಮಂಜನ ಚಾರ್ಟೇ. ಆರ್ ಬಳಸಿದರೂ ಕಥೆ ಹುಟ್ಟುತ್ತಿತ್ತು.

---

ಬೆಣ್ಣೆತೊರೆ

ಮಧ್ಯದ ಭಾಗ ತಿದ್ದಿದ್ದೇನೆ. ಈಗ ಹೀಗಿದೆ:

ಕ್ಲಿಕ್ ಮಾಡಿದಳು. ಮೇಲೆ `Picture Format`.

"ಇದು ಫೋಟೋ ಅದಲ್ಲೋ. ಫೈಲ್ ಎಲ್ಲದ?"

ಮಂಜ ತನ್ನ ಲ್ಯಾಪ್‌ಟಾಪ್ ತೆರೆದು ಕೊಟ್ಟ. ಅವಳು ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿದಳು. `Minimum` ಪಕ್ಕ `Reset` ಇತ್ತು. ಅವಳು ಅವನ ಮುಖ ನೋಡಲಿಲ್ಲ. ಅವನೇ ಹೇಳಿದ: "ಎಲ್ಲಾ ಕಂಬ ಒಂದೇ ಸಮ ಕಾಣ್ತಿದ್ವು. ಸರ್ ಏನು ವ್ಯತ್ಯಾಸ ಅದ ಅಂತಾರಂತ ಐವತ್ತು ಹಾಕ್ದೆ."

"ಓದಿ ಹೇಳು. ನಾ ಒತ್ತತೀನಿ."

"ದಕ್ಷಿಣ ಕನ್ನಡ, ಎಂಬತ್ತೆಂಟು ಪಾಯಿಂಟ್ ಐದು ಏಳು."

"ಹೆಣ್ಣುಮಕ್ಕಳದು?"

"ಎಂಬತ್ನಾಲ್ಕು ಪಾಯಿಂಟ್ ಒಂದು ಮೂರು."

ರಾಯಚೂರಿಗೆ ಬಂದಾಗ ಅವನು ಎರಡು ಸಲ ಓದಿದ.

---

ಸ್ಲೈಡ್ ಸಾಹುಕಾರ

ಚೆನ್ನಾಗಿದೆ. ಆದರೆ ಮಂಜನ ಲ್ಯಾಪ್‌ಟಾಪ್ ಅಲ್ಲೇ ಇದ್ದರೆ ಕೈಯಲ್ಲಿ ಒತ್ತುವ ಅಗತ್ಯವೇ ಇಲ್ಲ. ಅಲ್ಲೇ ಸರಿಮಾಡಿ ಹೊಸ ಸ್ಕ್ರೀನ್‌ಶಾಟ್ ಕಳಿಸಬಹುದಲ್ಲ? ಅವನ ಬ್ಯಾಟರಿ ಸತ್ತುಹೋಗಲಿ, ಇಲ್ಲವೇ ಫೈಲ್ ಮನೆಯ ಕಂಪ್ಯೂಟರಿನಲ್ಲಿರಲಿ. ಎರಡನೆಯದಾದರೆ `Reset` ಹೋಗುತ್ತದೆ, ಅವನು ತಾನಾಗಿ ಒಪ್ಪಿಕೊಳ್ಳಬೇಕಾಗುತ್ತದೆ. ನನಗೆ ಬ್ಯಾಟರಿಯೇ ಇಷ್ಟ: `Reset` ಕಂಡ ಮೇಲೆ ಪರದೆ ಆರಿಹೋಗಲಿ. ಆದರೆ ಆಗ ಅವನು ಅಂಕಿ ಓದುವುದು ಅಚ್ಚಾದ ವರದಿಯ ಕೋಷ್ಟಕ ನೋಡಿ ಅಂತ ಬರೆಯಿರಿ.

---

ಗಣತಿಗಾರ

"ಎಲ್ಲಾ ಕಂಬ ಒಂದೇ ಸಮ ಕಾಣ್ತಿದ್ವು" ಅನ್ನುವ ಮಾತು ಈ ಅಂಕಿಗೆ ಸ್ವಲ್ಪ ಉತ್ಪ್ರೇಕ್ಷೆ. ಎಂಟು ಸೆಂಟಿಮೀಟರಿನ ಅಕ್ಷ 0ಯಿಂದ 100ರವರೆಗೆ ಇದ್ದರೆ ದಕ್ಷಿಣ ಕನ್ನಡ 7.1, ಯಾದಗಿರಿ 4.1 ಸೆಂಟಿಮೀಟರ್. ಹಿಂದಿನ ಬೆಂಚಿಗೂ ಕಾಣುತ್ತದೆ. "ಅಷ್ಟೇನೂ ಎದ್ದು ಕಾಣಲಿಲ್ಲ" ಅಂತ ಹೇಳಿಸಿ.

ಅವನ ಕಳವಳದಲ್ಲಿ ಹುರುಳಿದೆ. ಅಂತರವೇ ಮುಖ್ಯ ವಿಷಯ ಆದರೆ ಅಂತರವನ್ನೇ ಕಂಬ ಮಾಡಬಹುದು. ರಾಜ್ಯದ ಸರಾಸರಿ 75.36ನ್ನು ಸೊನ್ನೆಯ ಗೆರೆ ಅಂತಿಟ್ಟರೆ ದಕ್ಷಿಣ ಕನ್ನಡ 13.21 ಮೇಲೆ, ಬೆಂಗಳೂರು 12.31 ಮೇಲೆ, ರಾಯಚೂರು 15.80 ಕೆಳಗೆ, ಯಾದಗಿರಿ 23.53 ಕೆಳಗೆ. ಕಂಬದ ಉದ್ದ ಇಲ್ಲಿ ನಿಜಕ್ಕೂ ಅಂತರದ ಉದ್ದ. ತಲೆಬರಹದಲ್ಲಿ "ರಾಜ್ಯ ಸರಾಸರಿಯಿಂದ ಎಷ್ಟು ಅಂಶ ಮೇಲೆ, ಕೆಳಗೆ" ಅಂತ ಬರೆಯಬೇಕು, ಇಲ್ಲದಿದ್ದರೆ ಯಾದಗಿರಿಯ ಸಾಕ್ಷರತೆ ಮೈನಸ್ 23 ಅಂತ ಓದುವವರೂ ಇರುತ್ತಾರೆ.

---

ಕೃಷ್ಣೆಯ ಮಗಳು

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಒಂದು ತಕರಾರು. ನೀವೆಲ್ಲ ಸೊನ್ನೆಯಿಂದ ಬರೆದರೆ ಚಾರ್ಟ್ ಪ್ರಾಮಾಣಿಕ ಅನ್ನುತ್ತಿದ್ದೀರಿ. ಇದೇ ಅಂಕಿಯನ್ನು ತಿರುಗಿಸಿ. ಓದು ಬರಹ ಬಾರದವರು ದಕ್ಷಿಣ ಕನ್ನಡದಲ್ಲಿ ಶೇ. 11.43, ಯಾದಗಿರಿಯಲ್ಲಿ ಶೇ. 48.17. ಸೊನ್ನೆಯಿಂದ ಬರೆಯಿರಿ, ಏನೂ ಕತ್ತರಿಸಬೇಡಿ. ಯಾದಗಿರಿಯ ಕಂಬ 4.2 ಪಟ್ಟು ಎತ್ತರ. ಅದೇ ಗಣತಿ, ಅದೇ ಜನ. ಒಂದರಲ್ಲಿ 1.7 ಪಟ್ಟು, ಇನ್ನೊಂದರಲ್ಲಿ 4.2 ಪಟ್ಟು. ಯಾವುದು ದಿಕ್ಕು ತಪ್ಪಿಸುವುದು?

ನನ್ನ ಕೇಳಿದರೆ ಶಾಲೆ ಕಟ್ಟಬೇಕಾದವರಿಗೆ ತೋರಿಸಬೇಕಾದ್ದು 48ರ ಕಂಬ. ಕಾವ್ಯಾ "ಯಾದಗಿರಿ ಎದ್ದು ನಿಂತಿತು" ಅಂತ ಖುಷಿಪಡುವಾಗ ಕೊರತೆಯೂ ಚಿಕ್ಕದಾಗಿ ಕಂಡಿತು, ಅದನ್ನು ನೀವು ಗಮನಿಸಿಲ್ಲ.

---

ಗಣತಿಗಾರ

ಎರಡೂ ನಿಜವಾದ ಅನುಪಾತಗಳೇ, ಬೇರೆ ಬೇರೆ ಪ್ರಶ್ನೆಗೆ. 21 ಪಟ್ಟು ಅನ್ನುವುದು ಮಾತ್ರ ಯಾವ ಪ್ರಶ್ನೆಗೂ ಉತ್ತರವಲ್ಲ, ಅದು 50 ಅನ್ನುವ ಅಂಕಿಯಿಂದ ಹುಟ್ಟಿದ್ದು. 45 ಹಾಕಿದ್ದರೆ 6.4 ಪಟ್ಟು ಬರುತ್ತಿತ್ತು. ನಾನು ಗೆರೆ ಎಳೆಯುವುದು ಅಲ್ಲಿ. ಎರಡರಲ್ಲಿ ಯಾವುದನ್ನು ಆರಿಸಬೇಕು ಅನ್ನುವುದು ವರದಿಯ ತಲೆಬರಹ ಏನನ್ನುತ್ತದೆ ಅದರ ಮೇಲೆ.

---

ಕೃಷ್ಣೆಯ ಮಗಳು

ತಲೆಬರಹ ಆರಿಸುವವರೂ ಒಬ್ಬರು ಇರುತ್ತಾರಲ್ಲ ಸರ್. ನಾನು ಒಪ್ಪಿಲ್ಲ, ಆದರೆ ಇದು ಈ ಕಥೆಯ ಹನ್ನೆರಡು ನಿಮಿಷಕ್ಕೆ ಹಿಡಿಸುವ ವಿಷಯ ಅಲ್ಲ, ಬಿಡಿ.

---

ಸೊನ್ನೆಯಿಂದಲೇ

ಅಷ್ಟೆಲ್ಲ ಬೇಡ ಅಂದರೆ ಅಕ್ಷದ ಬುಡದಲ್ಲಿ ಅಂಕುಡೊಂಕು ಗೆರೆ ಹಾಕಿಬಿಡಬಹುದಿತ್ತು. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಹಾಗೇ ಹೇಳಿಕೊಡುತ್ತಾರೆ.

---

ಕೋಶಕಂಬ

ಗೆರೆಯ ಗ್ರಾಫಿಗೆ ಹಾಕುತ್ತಾರೆ, ಸರಿ. ಕಂಬಕ್ಕೆ ಹಾಕಿದರೆ ಉದ್ದ ಹಾಗೇ 21 ಪಟ್ಟು ಉಳಿಯುತ್ತದೆ. ಎಕ್ಸೆಲ್‌ನಲ್ಲಿ ಅದಕ್ಕೆ ಗುಂಡಿಯೂ ಇಲ್ಲ, ಕೈಯಿಂದ ಆಕಾರ ಬರೆದು ಅಂಟಿಸಬೇಕು. ಅದೇ ಹೊತ್ತಿನಲ್ಲಿ ಹೊಸ ಚಾರ್ಟ್ ಆಗುತ್ತದೆ.

---

ಬೆಣ್ಣೆತೊರೆ

ಉಳಿದದ್ದು ಕೊನೆ. ಅಚ್ಚಾದ ವರದಿಯಲ್ಲಿ ಹಳೆಯ ಚಿತ್ರಗಳಿವೆ. ಸರ್ ಪ್ರಶ್ನೆ ಕೇಳಿ ನಿಲ್ಲಿಸಿದ್ದೇನೆ. ಕಾವ್ಯಾ ಉತ್ತರಿಸಬೇಕೇ?

---

ಸ್ಲೈಡ್ ಸಾಹುಕಾರ

ಪ್ರಶ್ನೆ ಬರುವ ಮೊದಲೇ ಅವಳು ಹೇಳಿರಬೇಕು. ಹೇಳದೆ ಚಿತ್ರ ಬದಲಿಸಿದರೆ ಪರೀಕ್ಷಕರಿಗೆ ಅಂಕಿಯನ್ನೇ ತಿದ್ದಿದ್ದಾರೆ ಅಂತ ಅನುಮಾನ ಬರುತ್ತದೆ. ಏಳನೇ ಸ್ಲೈಡ್ ಬಂದಾಗ ಎರಡು ವಾಕ್ಯ ಸಾಕು: "ವರದಿಯ ಚಿತ್ರ 3 ಮತ್ತು 4ರಲ್ಲಿ ಅಕ್ಷ 50ರಿಂದ ಶುರುವಾಗಿದೆ, ಅಲ್ಲಿ ಕಂಬದ ಉದ್ದ ಹೋಲಿಸಬೇಡಿ. ಕೋಷ್ಟಕದ ಅಂಕಿ ಬದಲಾಗಿಲ್ಲ." ಆಮೇಲೆ ಅದನ್ನೇ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ, ಹೊಸ ಚಿತ್ರದ ಜೊತೆ ಆ ಪುಟಕ್ಕೆ ಅಂಟಿಸುವುದು.

ಇನ್ನೊಂದು ಜಾಗ ನೋಡಿ. ಚಿತ್ರ ನೋಡಿ ಬರೆದ ವಾಕ್ಯ ವರದಿಯ ತೀರ್ಮಾನದಲ್ಲಿ ಇದ್ದೇ ಇರುತ್ತದೆ. "ದಕ್ಷಿಣ ಕನ್ನಡ ಯಾದಗಿರಿಗಿಂತ ಹಲವು ಪಟ್ಟು ಮುಂದಿದೆ" ಅನ್ನುವಂಥದ್ದು. ಚಾರ್ಟ್ ತಿದ್ದಿದವರು ಆ ವಾಕ್ಯ ಮರೆಯುತ್ತಾರೆ. ಕಾವ್ಯಾ ವೇದಿಕೆ ಹತ್ತುವಾಗ ಕೊನೆಯ ಸ್ಲೈಡಿನಲ್ಲಿ ಅದು ಹಾಗೇ ಉಳಿದಿದೆ ಅಂತ ಮಾಡಿ, ಸರ್ ಹಿಡಿಯುವುದು ಚಿತ್ರವನ್ನಲ್ಲ, ಆ "ಹಲವು ಪಟ್ಟು" ಅನ್ನುವುದನ್ನು.

---

ಕೃಷ್ಣೆಯ ಮಗಳು

ಅದು ಬೇಡ. ಅವಳು ಚಿತ್ರ 3, 4ರ ಬಗ್ಗೆ ಮೊದಲೇ ಹೇಳಿಬಿಟ್ಟರೆ ಸರ್ ಕೊನೆಯ ಪ್ರಶ್ನೆಗೆ ಕೆಲಸವೇ ಇಲ್ಲ, ಕಥೆ ಸಪ್ಪೆ. ಹೇಳದೆ ಸಿಕ್ಕಿಬೀಳಲಿ. ಹನ್ನೆರಡು ನಿಮಿಷದಲ್ಲಿ ಇಷ್ಟು ಮಾಡಿದವಳಿಗೆ ವರದಿ ನೆನಪಾಗದಿರುವುದೇ ಸಹಜ.

---

ಗಣತಿಗಾರ

ಕಥೆಯ ಮಟ್ಟಿಗೆ ಕೃಷ್ಣೆಯ ಮಗಳ ಮಾತು ಸರಿ, ವರದಿಯ ಮಟ್ಟಿಗೆ ಸಾಹುಕಾರರದು. ಬೆಣ್ಣೆತೊರೆ ಅವರೇ, ಸರ್ ಕೈಗೆ 2001ರ ಹೋಲಿಕೆಯ ಪ್ರಶ್ನೆ ಮಾತ್ರ ಕೊಡಬೇಡಿ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. 2001ರ ಗಣತಿಯಲ್ಲಿ ಆ ತಾಲ್ಲೂಕುಗಳು ಗುಲ್ಬರ್ಗ ಜಿಲ್ಲೆಯೊಳಗಿದ್ದವು. ಹಳೆಯ ಗುಲ್ಬರ್ಗದ ಅಂಕಿಯ ಪಕ್ಕ ಹೊಸ ಯಾದಗಿರಿಯದನ್ನು ನಿಲ್ಲಿಸಿದರೆ ಅಕ್ಷ ಸೊನ್ನೆಯಲ್ಲಿದ್ದರೂ ಚಾರ್ಟ್ ತಪ್ಪೇ, ಆಗ ಕಾವ್ಯಾಳಿಗೆ ಹನ್ನೆರಡು ನಿಮಿಷ ಸಾಲುವುದಿಲ್ಲ.

---

ಬೆಣ್ಣೆತೊರೆ

2001 ಬರುವುದಿಲ್ಲ. ಬ್ಯಾಟರಿ ಸಾಯಿಸುತ್ತೇನೆ, ಅಂಕಿ ವರದಿಯ ಕೋಷ್ಟಕದಿಂದ ಓದಿಸುತ್ತೇನೆ. ಓದುವಾಗಲೇ ಮಂಜನಿಗೆ ಪಕ್ಕದ ಪುಟದ ಚಿತ್ರ ಕಾಣುತ್ತದಲ್ಲ, ಕಂಡರೂ ಅವನು ಸುಮ್ಮನಿರುತ್ತಾನೋ ಹೇಳುತ್ತಾನೋ ಇನ್ನೂ ಗೊತ್ತಾಗಿಲ್ಲ. ಭಾನುವಾರದೊಳಗೆ ಎರಡನೇ ಕರಡು ಹಾಕುತ್ತೇನೆ.